ಮಿಲಿಮೀಟರ್ ಬಿಡಿ, ನೋವು ಹೇಗಿತ್ತು ಹೇಳಿ

ಪಿತ್ತಕೋಶದಲ್ಲಿ ಕಲ್ಲಿದೆ ಅಂತ ಸ್ಕ್ಯಾನಿಂಗ್ ರಿಪೋರ್ಟ್ ಹಿಡಿದು ಬರುವವರು ಮೊದಲು ಹೇಳುವುದೇ ಅಳತೆ. ‘ಬರೀ 4 ಮಿ.ಮೀ. ಡಾಕ್ಟ್ರೇ, ಬಾಳೆದಿಂಡಿನ ರಸ ಕುಡಿದರೆ ಹೋಗಲ್ವಾ?’ ಹೋಗಲ್ಲ. ಇದು ಕಿಡ್ನಿ ಕಲ್ಲಲ್ಲ. ಇಲ್ಲಿ ಕಲ್ಲು ಜಾರಿದರೆ ಪಿತ್ತನಾಳಕ್ಕೆ ಬೀಳುತ್ತದೆ. ಅಲ್ಲಿ ಸಿಕ್ಕಿಕೊಂಡರೆ ಕಾಮಾಲೆ ಬರಬಹುದು, ಪ್ಯಾಂಕ್ರಿಯಾಸ್ ಊದಿಕೊಳ್ಳಬಹುದು. ಹಾಗೆ ಜಾರುವುದು ಸಣ್ಣ ಕಲ್ಲಿಗೇ ಸುಲಭ.

ಕಲ್ಲು ಆಗುವುದು ಹೀಗೆ. ಪಿತ್ತರಸದಲ್ಲಿ ಕರಗುವುದಕ್ಕಿಂತ ಜಾಸ್ತಿ ಕೊಲೆಸ್ಟರಾಲ್ ಬಂದು ಸೇರಿದರೆ ಅದು ಹರಳುಗಟ್ಟುತ್ತದೆ. ಪಿತ್ತಕೋಶ ಸರಿಯಾಗಿ ಹಿಂಡಿ ಖಾಲಿಯಾಗದಿದ್ದರೆ ಆ ಹರಳು ಅಲ್ಲೇ ಕೂತು ಬೆಳೆಯುತ್ತದೆ. ಗರ್ಭಿಣಿಯರಲ್ಲಿ, ಉಪವಾಸ ಮಾಡಿ ಗಡಿಬಿಡಿಯಲ್ಲಿ ತೂಕ ಇಳಿಸಿದವರಲ್ಲಿ ಇದು ಹೆಚ್ಚು.

ಇನ್ನು ನೋವು. ಕಳೆದ ವರ್ಷ ನಲವತ್ತು ದಾಟಿದ ಒಬ್ಬ ಗೃಹಿಣಿ ಬಂದಿದ್ದರು. ಮದುವೆ ಊಟ ಮಾಡಿ ಮಲಗಿದರೆ ಮಧ್ಯರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ ನೋವು. ಬಲಗಡೆ ಬೆನ್ನಿಗೂ ಹಿಡಿದುಕೊಂಡಿತ್ತು. ಕೂತರೂ ಇಲ್ಲ, ಮಲಗಿದರೂ ಇಲ್ಲ. ಎರಡು ಸಲ ವಾಂತಿ. ಇಸಿಜಿ ನಾರ್ಮಲ್. ಮನೆಯವರು ಗ್ಯಾಸ್ ಅಂತ ಸೋಡಾ ಕುಡಿಸಿದರು, ಮೂರು ಗಂಟೆಯಲ್ಲಿ ನೋವು ಹೋಯಿತು. ಸೋಡಾ ಗೆದ್ದಿತು! ಮೂರು ತಿಂಗಳಲ್ಲಿ ಮತ್ತೆರಡು ಸಲ ಇದೇ ಕತೆ.

ಆಗಿದ್ದು ಇಷ್ಟು. ಜಿಡ್ಡಿನ ಊಟಕ್ಕೆ ಪಿತ್ತಕೋಶ ಹಿಂಡಿಕೊಂಡಾಗ ಕಲ್ಲು ಅದರ ಕುತ್ತಿಗೆಗೆ ಅಡ್ಡ ಬಿತ್ತು. ಕಲ್ಲು ವಾಪಸ್ ಸರಿದಾಗ ನೋವೂ ನಿಂತಿತು. ಈ ನೋವು ಗ್ಯಾಸಿನ ಹಾಗೆ ಬಂದು ಬಂದು ಹೋಗುವುದಿಲ್ಲ, ಒಂದೇ ಸಮ ಹಿಡಿದಿರುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಐದಾರು ಗಂಟೆ. ಅದಕ್ಕೂ ಮೀರಿದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಸುಮ್ನೆ ಆಸ್ಪತ್ರೆಗೆ ಹೊರಡಿ.

ಆಕೆಗೆ ಪಿತ್ತಕೋಶವನ್ನೇ ತೆಗೆಯುವ ಆಪರೇಷನ್ ಹೇಳಿದೆ. ಒಮ್ಮೆ ಇಂಥ ನೋವು ಬಂದವರಿಗೆ ಮತ್ತೆ ಬರುವ ಸಾಧ್ಯತೆ ಹೆಚ್ಚು. ‘ಕಲ್ಲು ಮಾತ್ರ ತೆಗೆಯಿರಿ, ಚೀಲ ಇರಲಿ’ ಅಂದರು. ಚೀಲ ಉಳಿದರೆ ಕಲ್ಲು ಮತ್ತೆ ಕೂರುತ್ತದೆ. ಕರಗಿಸುವ ಮಾತ್ರೆಯ ಕತೆಯೂ ಅಷ್ಟೇ. ಕೆಲವು ಬಗೆಯ ಸಣ್ಣ ಕಲ್ಲಿಗೆ ಮಾತ್ರ, ಅದೂ ತಿಂಗಳುಗಟ್ಟಲೆ ನುಂಗಬೇಕು. ಚೀಲ ಹೋದರೂ ಪಿತ್ತರಸ ಲಿವರ್‌ನಿಂದ ನೇರ ಕರುಳಿಗೆ ಇಳಿಯುತ್ತದೆ, ಊಟ ಜೀರ್ಣವಾಗುತ್ತದೆ. ಕೆಲವರಿಗೆ ಸ್ವಲ್ಪ ದಿನ ಭೇದಿ ಕಾಡಬಹುದು. ಬರೀ ತೇಗು, ಹುಳಿತೇಗಿಗೆ ಮಾತ್ರ ಈ ಆಪರೇಷನ್ ಮಾಡಿಸಬೇಡಿ. ಅವು ಹೋಗುವ ಭರವಸೆ ನಾನು ಕೊಡಲ್ಲ.

ಜೊತೆಗೆ ಬಂದಿದ್ದ ನಾದಿನಿಯೂ ಒಂದು ರಿಪೋರ್ಟ್ ತೆಗೆದರು. 18 ಮಿ.ಮೀ. ಕಲ್ಲು, ಹೆಲ್ತ್ ಚೆಕಪ್‌ನಲ್ಲಿ ಸಿಕ್ಕಿದ್ದು. ನೋವು ಒಂದು ದಿನವೂ ಇಲ್ಲ. ಹೀಗೆ ಸುಮ್ಮನಿರುವ ಕಲ್ಲು ಬಹುಪಾಲು ಜನರಲ್ಲಿ ಕೊನೆತನಕ ಸುಮ್ಮನೇ ಇರುತ್ತದೆ. 3 ಸೆಂ.ಮೀ. ಮೀರಿದ ಕಲ್ಲು, ಸುಣ್ಣಗಟ್ಟಿದ ಪಿತ್ತಕೋಶ, ಜೊತೆಗೆ ಅದರ ಒಳಗೋಡೆಯಲ್ಲಿ ಬೆಳೆದ ದೊಡ್ಡ ಪಾಲಿಪ್ ಗಂಟು, ಇಂಥದ್ದೇನಾದರೂ ಇದ್ದರೆ ಮಾತು ಬೇರೆ. ಇವರಿಗೆ ಅದ್ಯಾವುದೂ ಇರಲಿಲ್ಲ. ನೋವು ಬಂದರೆ ಬನ್ನಿ ಅಂತ ಕಳಿಸಿದೆ. ‘ಅತ್ತಿಗೆಯ ಸಣ್ಣ ಕಲ್ಲಿಗೆ ಆಪರೇಷನ್, ನನ್ನ ದೊಡ್ಡದಕ್ಕೆ ಏನೂ ಇಲ್ವಾ?’ ಅಂತ ಗೊಣಗುತ್ತಲೇ ಎದ್ದರು.