ಸಂಜೆ ಎಕ್ಸೆಲ್ ಕ್ಲಾಸಿಗೆ ಪಾಠ ಯಾವುದರಿಂದ ಶುರು ಮಾಡೋದು?

ಪ್ರಶ್ನೆ: ನಮ್ಮೂರ ಲೈಬ್ರರೀಲಿ ದೊಡ್ಡವರಿಗೆ ಸಂಜೆ ಎಕ್ಸೆಲ್ ಹೇಳ್ಕೊಡ್ಬೇಕು ಅಂತಿದೀವಿ, ಆರು ದಿನ, ದಿನಕ್ಕೆ ಒಂದೂವರೆ ಗಂಟೆ. ಯಾವ ಯಾವ ಫಾರ್ಮುಲಾ ಹಾಕೋಣ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರ್ದಿದೀನೋ ಲೆಕ್ಕ ಇಲ್ಲ, ಆದ್ರೂ ಎಲ್ರೂ ಫಾರ್ಮುಲಾ ಪಟ್ಟಿನೇ ಕೇಳ್ತೀರ. ಫಾರ್ಮುಲಾ ಬಂದ್ರೆ ಎಕ್ಸೆಲ್ ಬಂದಂಗೆ ಅನ್ನೋ ನಂಬಿಕೆನ ದಯವಿಟ್ಟು ಬಿಡಿ. ಅಂಗಡಿ ಲೆಕ್ಕ, ಸಂಘದ ಲೆಕ್ಕ ಬರೆಯೋರು ಎಡವೋದು ಫಾರ್ಮುಲಾದಲ್ಲಲ್ಲ, ಅದಕ್ಕಿಂತ ಮುಂಚೆ, ಟೈಪ್ ಮಾಡೋವಾಗ.

ಮೊದಲ ಸಂಜೆ ಮೂರೇ ಕಾಲಮ್ ಕೊಡಿ: ದಿನಾಂಕ, ಬಾಬ್ತು, ಮೊತ್ತ. ಐದು ಖರ್ಚು ಬರೆಸಿ, 120, 250, 80, 300, 50. ಒಬ್ರಾದ್ರೂ ನೋಟ್‌ಬುಕ್ಕಲ್ಲಿ ಬರ್ದು ರೂಢಿ ಇರೋದ್ರಿಂದ ‘250 ರೂ’ ಅಂತ ಟೈಪ್ ಮಾಡೇ ಮಾಡ್ತಾರೆ. ಆಮೇಲೆ ಇದನ್ನ ಹಾಕ್ಸಿ:

```
=SUM(C2:C6)
```

ಬಾಯಲ್ಲಿ ಕೂಡಿದ್ರೆ 800, ಸ್ಕ್ರೀನಲ್ಲಿ 550. ‘ರೂ’ ಸೇರಿದ್ದಕ್ಕೆ ಅದು ಅಂಕಿ ಹೋಗಿ ಅಕ್ಷರ ಆಯ್ತು, SUM ಅದನ್ನ ಬಿಟ್ಟು ಮಿಕ್ಕಿದ್ದು ಕೂಡ್ತು, ಎರರ್ ಕೂಡ ತೋರಿಸ್ಲಿಲ್ಲ. ಕಂಡುಹಿಡಿಯೋದು ಸುಲಭ, ಅಂಕಿ ಸೆಲ್ಲಿನ ಬಲಕ್ಕೆ ಅಂಟ್ಕೊಳುತ್ತೆ, ಅಕ್ಷರ ಎಡಕ್ಕೆ. ಅದಕ್ಕೇ ಮೊದಲೆರಡು ದಿನ ಯಾರಿಗೂ ಸೆಂಟರ್ ಮಾಡೋ ಬಟನ್ ತೋರಿಸ್ಬೇಡಿ, ಎಲ್ಲಾ ಮಧ್ಯಕ್ಕೆ ಬಂದ್ರೆ ಇರೋ ಒಂದು ಗುರುತೂ ಹೋಯ್ತು. ರೂಪಾಯಿ ಚಿಹ್ನೆ ಬೇಕು ಅಂದ್ರೆ ಬರೀ 250 ಹೊಡ್ದು ಆಮೇಲೆ ಫಾರ್ಮ್ಯಾಟಲ್ಲಿ ಕೊಡ್ಸಿ.

ಎರಡನೇ ಸಂಜೆ ಪೂರ್ತಿ ದಿನಾಂಕಕ್ಕೇ ಇಡಿ. ಕಂಪ್ಯೂಟರ್ ಅಮೆರಿಕಾ ಸೆಟ್ಟಿಂಗಲ್ಲಿದ್ರೆ 05/06 ಅಂದ್ರೆ ಜೂನ್ 5 ಅಲ್ಲ, ಮೇ 6 ಆಗುತ್ತೆ, 13/06/2025 ಅಂತೂ ದಿನಾಂಕನೇ ಆಗದೆ ಎಡಕ್ಕೆ ಕೂತ್ಕೊಳುತ್ತೆ. ಕಾಲಮ್‌ನಲ್ಲಿ ಕೆಲವು ಎಡಕ್ಕೆ, ಕೆಲವು ಬಲಕ್ಕೆ ಕಂಡ್ರೆ ಇದೇ ಕಾಯಿಲೆ. ಕ್ಲಾಸಿಗೆ ಮುಂಚೆನೇ ಎಲ್ಲಾ ಮೆಷಿನ್ನಿನ ರೀಜನ್ ಇಂಡಿಯಾಕ್ಕೆ ಬದಲಾಯಿಸ್ಬಿಡಿ.

ಮೂರನೇ ದಿನ ಕೂಡೋದು ಕಳೆಯೋದು, ನಾಲ್ಕನೇ ದಿನ ಸಾರ್ಟ್ ಮತ್ತೆ ಫಿಲ್ಟರ್, ಇಲ್ಲಿ ಒಂದೇ ಕಾಲಮ್ ಸೆಲೆಕ್ಟ್ ಮಾಡಿ, ಎಚ್ಚರಿಕೆ ಬಂದಾಗ Continue with the current selection ಅಂತ ಕೊಟ್ಟು ಸಾರ್ಟ್ ಮಾಡಿದ್ರೆ ಹಾಲಿನ ದುಡ್ಡು ತರಕಾರಿ ಮುಂದೆ ಹೋಗಿ ಕೂರುತ್ತೆ ಅನ್ನೋದನ್ನ ಬೇಕಂತ್ಲೇ ಮಾಡಿ ತೋರಿಸಿ. ಐದನೇ ದಿನ ಒಂದೇ ಒಂದು ಹೊಸ ಫಾರ್ಮುಲಾ, ಹಾಲಿಗೆ ಒಟ್ಟು ಎಷ್ಟಾಯ್ತು ಅಂತ:

```
=SUMIF(B2:B40,"ಹಾಲು",C2:C40)
```

VLOOKUP ಈ ಆರು ದಿನದಲ್ಲಿ ಬೇಡ. ಆರನೇ ದಿನ ಅವರವರ ಸ್ವಂತ ಲೆಕ್ಕದ ಪುಸ್ತಕ ತಂದು ಶೀಟಿಗೆ ಏರಿಸ್ಲಿ.

ಪ್ರಿಂಟಿನ ಬಗ್ಗೆ ನೀವು ಕೇಳ್ಲಿಲ್ಲ, ಆದ್ರೆ ಕಲಿಯೋರು ಕೇಳೇ ಕೇಳ್ತಾರೆ, ಲೆಕ್ಕ ಮನೇಲೋ ಸಂಘದಲ್ಲೋ ಕಾಗದದ ಮೇಲೇ ತೋರಿಸ್ಬೇಕಲ್ಲ. ಕಾಲಮ್‌ಗಳ ಅಗಲ ಜಾಸ್ತಿ ಆದ್ರೆ ಮೊತ್ತದ ಕಾಲಮ್ ಮಾತ್ರ ಎರಡನೇ ಹಾಳೆಗೆ ಹಾರುತ್ತೆ. ಪ್ರಿಂಟ್ ಕೊಡೋ ಜಾಗದಲ್ಲೇ ಕೆಳಗೆ No Scaling ಅಂತಿರೋದನ್ನ ಒತ್ತಿದ್ರೆ Fit All Columns on One Page ಅಂತ ಬರುತ್ತೆ, ಅದನ್ನ ಒತ್ತಿಸಿ, ಕೊನೇ ಹದಿನೈದು ನಿಮಿಷ ಇದಕ್ಕೇ ಮೀಸಲಿಡಿ.