‘PÀ£ÁðlPÀ’ ಎಲ್ಲಿಂದ ಬಂತು?

ಹಳೆಯ ಸುತ್ತೋಲೆಯಿಂದಲೋ ಪುಸ್ತಕದ ಪಿಡಿಎಫ್‌ನಿಂದಲೋ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿದರೆ ‘PÀ£ÁðlPÀ’ ಅಂತ ಬರುತ್ತದೆ. ಫೈಲ್ ಕೆಟ್ಟಿದೆ ಅಂದುಕೊಂಡು ಜಾಸ್ತಿ ಜನ ಅಲ್ಲೇ ಕೈಬಿಡುತ್ತಾರೆ. ಆದರೆ ಕೆಟ್ಟಿಲ್ಲ. ಅದು ‘ಕರ್ನಾಟಕ’ವೇ, ಒಂದು ಅಕ್ಷರವೂ ಕಳೆದಿಲ್ಲ.

ಇದರ ಬೇರು, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಜಾಗ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕಾಲದಲ್ಲಿದೆ. ಆಗಿನ ಫಾಂಟ್‌ಗಳಲ್ಲಿ ಇದ್ದದ್ದು 256 ಜಾಗ ಮಾತ್ರ. ಕನ್ನಡಕ್ಕೆ ಅಂತ ಬೇರೆ ಜಾಗವೇ ಇರಲಿಲ್ಲ. ಹಾಗಾಗಿ ಫಾಂಟ್ ಮಾಡುವವರು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದರು. ಅಕ್ಷರಗಳನ್ನಲ್ಲ, ತುಂಡುಗಳನ್ನು. ತಲಕಟ್ಟು ಒಂದು ತುಂಡು, ಒತ್ತು ಇನ್ನೊಂದು, ದೀರ್ಘ ಮತ್ತೊಂದು. ಕಂಪ್ಯೂಟರಿನ ಲೆಕ್ಕದಲ್ಲಿ ಅದು P ಮತ್ತು À, ಫಾಂಟ್ ಇದ್ದಾಗ ಮಾತ್ರ ಕಣ್ಣಿಗೆ ‘ಕ’. ಕಾಪಿ ಮಾಡಿದಾಗ ಫಾಂಟ್ ಜೊತೆಗೆ ಬರುವುದಿಲ್ಲ, ಅಷ್ಟೇ.

ತೊಂದರೆ ಏನೆಂದರೆ ಶ್ರೀಲಿಪಿ, ಆಕೃತಿ ಹೀಗೆ ಒಂದೊಂದು ತಂತ್ರಾಂಶದ್ದೂ ಒಂದೊಂದು ಜೋಡಣೆ. ಕನ್ನಡ ಗಣಕ ಪರಿಷತ್ತಿನ ನುಡಿ ಮತ್ತು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಇವೆರಡರ ಜೋಡಣೆ ಮುಂದೆ ಬಹುಮಟ್ಟಿಗೆ ಒಂದೇ ಆಯಿತು. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ, ಆದರೆ ಪುಟ ಕಟ್ಟುವವರ ನೆಚ್ಚಿನ ಪೇಜ್‌ಮೇಕರ್ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಪುಸ್ತಕಗಳು ಹಳೇ ಫಾಂಟ್‌ನಲ್ಲೇ ಅಚ್ಚಾಗುತ್ತಾ ಹೋದದ್ದಕ್ಕೆ ಇದೂ ಒಂದು ಕಾರಣ.

ಈಗ ಆ ಪದವನ್ನೇ ಬಿಡಿಸಿ ನೋಡೋಣ. PÀ ಅಂದರೆ ಕ. £Á ಅಂದರೆ ನಾ. ð ಅಂದರೆ ಅರ್ಕಾವೊತ್ತು. l ಅಂದರೆ ಟ, ಕೊನೆಗೆ ಇನ್ನೊಂದು PÀ. ಸಾಲಿನ ತುಂಬ À ಮತ್ತು Ä ಕಾಣಿಸಿದರೆ ಅದು ನುಡಿ ಅಥವಾ ಬರಹ ಅಂತ ಹೆಚ್ಚುಕಮ್ಮಿ ಖಚಿತ, ಏಕೆಂದರೆ À ತಲಕಟ್ಟು, Ä ಕೊಂಬು, ಇವಿಲ್ಲದೆ ಕನ್ನಡದ ಸಾಲು ಮುಂದೆ ಹೋಗುವುದೇ ಇಲ್ಲ. ಬೇರೆ ಚಿಹ್ನೆಗಳೇ ತುಂಬಿದ್ದರೆ ಬೇರೆ ಕಂಪನಿಯ ಜೋಡಣೆ ಇರಬಹುದು. ಆಗ ಸುಮ್ನೆ ಊಹಿಸಬೇಡಿ. ಪಿಡಿಎಫ್ ಆದರೆ ಅದರ ಪ್ರಾಪರ್ಟೀಸ್‌ನಲ್ಲಿ ಫಾಂಟ್‌ಗಳ ಪಟ್ಟಿ ನೋಡಿ, ಅಥವಾ ಟರ್ಮಿನಲ್‌ನಲ್ಲಿ ಹೀಗೆ ಕೇಳಿ:

```
pdffonts kadata.pdf
```

Nudi ಅಥವಾ ಬರಹದ BRH ಅಂತ ಹೆಸರು ಬಂದರೆ ಉತ್ತರ ಸಿಕ್ಕಿತು, ಅದನ್ನು ಯೂನಿಕೋಡ್‌ಗೆ ಬದಲಿಸುವ ನುಡಿ ಪರಿವರ್ತಕ ಬಳಸಬಹುದು.

‘à²•à²°’ ಅಂತ à² ಮತ್ತು à³ ಪದೇ ಪದೇ ಬರುತ್ತಿದ್ದರೆ ಕಥೆಯೇ ಬೇರೆ. ಅದು ಯೂನಿಕೋಡ್ ಕನ್ನಡವೇ, ಯುಟಿಎಫ್-8 ಎಂಬ ಎನ್ಕೋಡಿಂಗ್‌ನಲ್ಲಿ ಉಳಿಸಿದ್ದನ್ನು ತೆರೆಯುವ ತಂತ್ರಾಂಶ ಬೇರೆ ಎನ್ಕೋಡಿಂಗ್ ಅಂದುಕೊಂಡು ಓದಿದೆ. ಇದಕ್ಕೆ ನುಡಿ ಪರಿವರ್ತಕ ಹಾಕಿದರೆ ಇದ್ದದ್ದೂ ಹಾಳು. ಫೈಲನ್ನು ಯುಟಿಎಫ್-8 ಅಂತ ಹೇಳಿ ಮತ್ತೆ ತೆರೆಯಿರಿ. ಇನ್ನು ಬರೀ ???? ಇದ್ದರೆ ಆ ಪಠ್ಯ ಹೋದಂತೆಯೇ, ಮೂಲ ಹುಡುಕಬೇಕು.

ಮೂರನೆಯದು ಪರಿವರ್ತಕವೇ ಮಾಡುವ ತಪ್ಪು, ನನಗೆ ಜಾಸ್ತಿ ಚಿಂತೆ ಕೊಡುವುದು ಅದೇ, ಯಾಕೆಂದರೆ ಅದು ಕನ್ನಡದಂತೆಯೇ ಕಾಣುತ್ತದೆ. ‘ಕನಾರ್ಟಕ’ ಅಂತ ಎಷ್ಟು ಕಡೆ ಓದಿಲ್ಲ ನಾವು, ಅಲ್ವಾ? ಅದನ್ನು ಟೈಪ್ ಮಾಡಿದವರ ತಪ್ಪು ಅಂದುಕೊಳ್ಳುತ್ತೇವೆ. ನುಡಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ‘ನಾ’ ಆದ ಮೇಲೆ ಇರುತ್ತದೆ, ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದೆ ಇದ್ದಲ್ಲೇ ಬಿಟ್ಟರೆ ‘ಕನಾರ್ಟಕ’ ಆಗುತ್ತದೆ. ‘ಯ’ದ್ದೂ ಇಂಥದ್ದೇ ಪೇಚು. ಅದನ್ನು AiÀÄ ಅಂತ ಬರೆಯುತ್ತಾರೆ, ಆದರೆ A ಒಂದೇ ಇದ್ದರೆ ಅದು ಅನುಸ್ವಾರ. ಉದ್ದದ ಜೋಡಣೆಯನ್ನು ಮೊದಲು ಹುಡುಕದ ಪರಿವರ್ತಕ ‘ಯ’ ಇರಬೇಕಾದ ಕಡೆ ಒಂದು ಸೊನ್ನೆ ಇಟ್ಟು ಮುಂದೆ ಹೋಗುತ್ತದೆ.

ಪರಿವರ್ತಕ ಸರಿ ಇದ್ದರೂ ಪಠ್ಯ ಮೊದಲೇ ಪೆಟ್ಟು ತಿಂದಿರಬಹುದು. ವರ್ಡ್‌ನಂಥ ತಂತ್ರಾಂಶಗಳು ವಾಕ್ಯದ ಮೊದಲ ಅಕ್ಷರವನ್ನು ತಾವಾಗಿಯೇ ದೊಡ್ಡದು ಮಾಡುತ್ತವೆ. zÉÃ±À ಅಂದರೆ ದೇಶ. ಆ z ದೊಡ್ಡದಾಗಿ ZÉÃ±À ಆದರೆ ‘ಚೇಶ’! ವಾಕ್ಯದ ಶುರುವಿನಲ್ಲೇ ಇಂಥ ಪದಗಳು ಸಿಗುತ್ತಿದ್ದರೆ ಇದೇ ಕಾರಣ. ಈ ತಪ್ಪನ್ನು ಯಾವ ಪರಿವರ್ತಕವೂ ತಾನಾಗಿ ಹಿಡಿಯಲಾರದು, ಏಕೆಂದರೆ ಅದರ ಪಾಲಿಗೆ ‘ಚೇ’ ಕೂಡ ಸರಿಯಾದ ಅಕ್ಷರವೇ. ಪರಿವರ್ತಿಸಿದ ಪುಟವನ್ನು ಮೂಲ ಪಿಡಿಎಫ್ ಪಕ್ಕದಲ್ಲಿಟ್ಟು ಓದುವಾಗ ವಾಕ್ಯಗಳ ಮೊದಲ ಪದ, ಅರ್ಕಾವೊತ್ತು, ‘ಯ’, ಈ ಮೂರನ್ನು ಮೊದಲು ನೋಡಿ.