ಲಾಭಾಂಶದ ನೋಟಿಸ್ ಓದುವುದು: ದಾಖಲೆ ದಿನಾಂಕ, ಮೊತ್ತ, ಟಿಡಿಎಸ್

ಕಂಪನಿ ಕಳಿಸುವ ಲಾಭಾಂಶದ ನೋಟಿಸ್ ಎರಡು ಮೂರು ಪುಟ ಇರುತ್ತದೆ, ಆದರೆ ಲೆಕ್ಕಕ್ಕೆ ಬೇಕಾದದ್ದು ಮೂರು ಸಾಲು. ಒಂದು ಕಾಲ್ಪನಿಕ ನೋಟಿಸ್ ಇಟ್ಟುಕೊಂಡು ನೋಡೋಣ: ದಾಖಲೆ ದಿನಾಂಕ 2025ರ ಜುಲೈ 14, ಸೋಮವಾರ, 2 ರೂಪಾಯಿ ಮುಖಬೆಲೆಯ ಷೇರಿಗೆ ಶೇ 750ರಷ್ಟು ಅಂತಿಮ ಲಾಭಾಂಶ, ಪಾವತಿಗೆ ಮುನ್ನ ಟಿಡಿಎಸ್ ಕಡಿತ.

ದಾಖಲೆ ದಿನಾಂಕ ಅಂದರೆ ರೆಕಾರ್ಡ್ ಡೇಟ್. ಆ ದಿನದ ಕೊನೆಗೆ ಯಾರ ಡಿಮ್ಯಾಟ್ ಖಾತೆಯಲ್ಲಿ ಷೇರು ಇದೆಯೋ ಅವರಿಗೆ ಹಣ. ನಮ್ಮಲ್ಲಿ ಈಗ ಇಂದು ಕೊಂಡ ಷೇರು ಮರುದಿನದ ವಹಿವಾಟಿನಲ್ಲಿ ಖಾತೆ ಸೇರುತ್ತದೆ. ಹಾಗಾಗಿ ಸೋಮವಾರವೇ ಕೊಂಡರೆ ಷೇರು ಬರುವುದು ಮಂಗಳವಾರ, ಲಾಭಾಂಶ ಇಲ್ಲ. ಶನಿವಾರ, ಭಾನುವಾರ ಮಾರುಕಟ್ಟೆ ಇಲ್ಲದ್ದರಿಂದ ಶುಕ್ರವಾರ, ಜುಲೈ 11ರೊಳಗೆ ಕೊಂಡಿರಬೇಕು. ಇದರ ಇನ್ನೊಂದು ಮುಖವನ್ನು ಹಲವರು ಗಮನಿಸುವುದಿಲ್ಲ: ಸೋಮವಾರ ಮಾರಿದವರಿಗೆ ಲಾಭಾಂಶ ಸಿಗುತ್ತದೆ, ಏಕೆಂದರೆ ಷೇರು ಅವರ ಖಾತೆ ಬಿಡುವುದು ಮಂಗಳವಾರ. ಲಾಭಾಂಶದ ಆಸೆಗೆಂದೇ ಶುಕ್ರವಾರ ಕೊಳ್ಳುವುದರಲ್ಲಿ ದೊಡ್ಡ ಲಾಭವೇನಿಲ್ಲ. ಸೋಮವಾರ ಬೆಲೆ ಸುಮಾರಾಗಿ ಅಷ್ಟೇ ಇಳಿದು ಶುರುವಾಗುವುದು ಸಾಮಾನ್ಯ.

ಶೇ 750 ಎಂಬುದು ಮುಖಬೆಲೆಯ ಮೇಲೆ, ಮಾರುಕಟ್ಟೆ ಬೆಲೆಯ ಮೇಲಲ್ಲ. 2 ರೂಪಾಯಿಗೆ ಶೇ 750 ಅಂದರೆ ಷೇರಿಗೆ 15 ರೂಪಾಯಿ. ನಿಮ್ಮ ಹತ್ತಿರ 800 ಷೇರು ಇದ್ದರೆ ಒಟ್ಟು 12,000 ರೂಪಾಯಿ.

ಇನ್ನು ತೆರಿಗೆ. 2020ರ ಏಪ್ರಿಲ್‌ನಿಂದ ಲಾಭಾಂಶದ ತೆರಿಗೆ ಷೇರುದಾರರ ಹೆಗಲಿಗೆ ಬಂದಿದೆ. 2025–26ನೇ ಆರ್ಥಿಕ ವರ್ಷದಲ್ಲಿ ಒಂದು ಕಂಪನಿ ಒಬ್ಬ ನಿವಾಸಿ ವ್ಯಕ್ತಿಗೆ ಕೊಡುವ ಒಟ್ಟು ಲಾಭಾಂಶ 10,000 ರೂಪಾಯಿ ದಾಟಿದರೆ ಶೇ 10 ಕಡಿತ; ಅದಕ್ಕೂ ಹಿಂದೆ ಈ ಮಿತಿ 5,000 ಇತ್ತು. ಮಿತಿ ದಾಟಿದ ಮೇಲೆ ಕಡಿತ ಹೆಚ್ಚುವರಿ 2,000ಕ್ಕೆ ಮಾತ್ರ ಅಲ್ಲ, ಪೂರ್ತಿ 12,000ಕ್ಕೆ. ಅಂದರೆ 1,200 ರೂಪಾಯಿ ಹೋಗಿ ಬ್ಯಾಂಕಿಗೆ 10,800 ಬರುತ್ತದೆ. ಪ್ಯಾನ್ ಕೊಟ್ಟಿಲ್ಲದಿದ್ದರೆ ಅಥವಾ ಆಧಾರ್ ಜೋಡಣೆಯಾಗದೆ ಅದು ನಿಷ್ಕ್ರಿಯವಾಗಿದ್ದರೆ ಶೇ 20, ಕೈಗೆ 9,600. ನಿರೀಕ್ಷೆಗಿಂತ ಕಡಿಮೆ ಬಂದಾಗ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಆದಾಯಕ್ಕೆ ತೆರಿಗೆಯೇ ಬೀಳದವರು ಕಡಿತ ತಪ್ಪಿಸಲು ಅದೇ ವರ್ಷದ ನಿಯಮದಂತೆ 15ಜಿ, 60 ದಾಟಿದವರು 15ಎಚ್ ನಮೂನೆ ಕೊಡಬೇಕಿತ್ತು. ಅದನ್ನು ಪ್ರತಿ ಕಂಪನಿಯ ರಿಜಿಸ್ಟ್ರಾರ್‌ಗೆ ಬೇರೆ ಬೇರೆಯಾಗಿ, ನೋಟಿಸ್‌ನಲ್ಲಿ ಹೇಳಿದ ಗಡುವಿನೊಳಗೆ ತಲುಪಿಸಬೇಕು. ಗಡುವು ಮೀರಿದರೆ ಕಂಪನಿ ಕಡಿತವಾದದ್ದನ್ನು ವಾಪಸ್ ಕೊಡುವುದಿಲ್ಲ. ರಿಟರ್ನ್ ಸಲ್ಲಿಸಿಯೇ ಮರುಪಾವತಿ ಪಡೆಯಬೇಕು.

ರಿಟರ್ನ್‌ನಲ್ಲಿ ಆದಾಯ ಎಂದು ತೋರಿಸಬೇಕಾದದ್ದು ಬ್ಯಾಂಕಿಗೆ ಬಂದ 10,800 ಅಲ್ಲ, 12,000. ಕಡಿತವಾದ 1,200 ರೂಪಾಯಿ 26ಎಎಸ್ ಪಟ್ಟಿಯಲ್ಲಿ ಕಾಣಬೇಕು. ಕಂಪನಿ ತ್ರೈಮಾಸಿಕ ವಿವರ ಸಲ್ಲಿಸಿದ ಮೇಲಷ್ಟೇ ಅದು ಅಲ್ಲಿ ಬರುವುದರಿಂದ, ಆಗಸ್ಟ್‌ನಲ್ಲಿ ಹಣ ಬಂದಿದ್ದರೆ ನವೆಂಬರ್‌ನಲ್ಲಿ ನೋಡಿ. ಆಗಲೂ ಇಲ್ಲದಿದ್ದರೆ ನೋಟಿಸ್‌ನಲ್ಲಿರುವ ರಿಜಿಸ್ಟ್ರಾರ್ ವಿಳಾಸಕ್ಕೆ ಪ್ಯಾನ್ ಮತ್ತು ಡಿಮ್ಯಾಟ್ ಖಾತೆ ಸಂಖ್ಯೆ ಬರೆದು ಕೇಳಿ.